ಎರಡು ದಿನಾಂಕದ ರಜೆ ಅರ್ಜಿ

ನನಗೆ ಹಬ್ಬವಿಲ್ಲ ಎಂದು ಕೋಲಾರದ ಆಸ್ಪತ್ರೆಯಲ್ಲಿ ಎಲ್ಲರೂ ತೀರ್ಮಾನ ಮಾಡಿಬಿಟ್ಟಿದ್ದರು. ನನ್ನನ್ನು ಕೇಳಿದವರು ಯಾರೂ ಇರಲಿಲ್ಲ. ಗಂಡನಿಲ್ಲದವಳಿಗೆ ಗೌರಿ ಇಲ್ಲ, ಮನೆಯಿಲ್ಲದವಳಿಗೆ ಯುಗಾದಿ ಇಲ್ಲ, ಹೀಗೆ ಒಂದೊಂದಾಗಿ ಕಳೆಯುತ್ತ ಹೋಗಿ ಕೊನೆಗೆ ಹೆರಿಗೆ ವಾರ್ಡಿನ ಅಷ್ಟೂ ಹಬ್ಬದ ಪಾಳಿಗಳನ್ನು ನನ್ನ ತಲೆಗೆ ಕಟ್ಟಿದ್ದರು. ಮೈಗೆ ಅದು ರೂಢಿಯಾಗಿತ್ತು, ಮನಸ್ಸಿಗೆ ಆಗಿರಲಿಲ್ಲ. ಮಹಾಲಯ ಅಮಾವಾಸ್ಯೆಯ ದಿನ ಮಾತ್ರ ನನಗೆ ಯಾರ ಮಾತೂ ಸೇರುತ್ತಿರಲಿಲ್ಲ. ಬಿಸಿನೀರು ತಡವಾಯಿತೆಂದು ಆಯಾಗಳ ಮೇಲೆ ರೇಗುತ್ತಿದ್ದೆ. ಏಕೆಂದು ಯಾರೂ ಕೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ.

ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದ ಕಡೆಯವಳು ನಾನು. ಒಂದೇ ಪ್ಲೇಗಿನಲ್ಲಿ ಗಂಡನೂ ಎರಡು ವರ್ಷದ ಮಗಳೂ ಹೋದರು. ಅಣ್ಣ ನನ್ನನ್ನು ಮನೆಯ ಮೂಲೆಯಲ್ಲಿ ಕೂರಿಸದೆ ಬೆಂಗಳೂರಿಗೆ ಕಳಿಸಿ ಹೆರಿಗೆ ಕೆಲಸ ಕಲಿಸಿದ. ಆ ಉಪಕಾರವನ್ನು ನಾನು ಮರೆತಿಲ್ಲ. ಆದರೆ ಕೆಲಸಕ್ಕೆ ಸೇರಿದ ಮೇಲೆ ಊರಿಗೆ ಹೋಗುವುದು ಕಡಿಮೆಯಾಯಿತು, ಹಬ್ಬಕ್ಕಂತೂ ಹೋಗಿಯೇ ಇರಲಿಲ್ಲ.

ನಾನು ಹೇಳುತ್ತಿರುವುದು ಯುದ್ಧ ಮುಗಿದ ವರ್ಷದ ಮಾತು. ನಮ್ಮ ವಾರ್ಡಿನ ಇಬ್ಬರು ನರ್ಸುಗಳು ಸೈನ್ಯದ ಆಸ್ಪತ್ರೆಗೆ ಹೋದವರು ಇನ್ನೂ ಹಿಂತಿರುಗಿರಲಿಲ್ಲ. ಉಳಿದವರು ಮೂವರು. ನಾನು, ನನಗಿಂತ ಹಿರಿಯರಾದ ಒಬ್ಬ ಮುಸ್ಲಿಂ ಮಿಡ್‌ವೈಫ್, ಮತ್ತು ಶ್ರೀನಿವಾಸಪುರದ ಕಡೆಯಿಂದ ಆಗತಾನೇ ಬಂದು ಸೇರಿದ್ದ, ಮದುವೆಯಾಗಿ ವರ್ಷ ತುಂಬದ ಒಬ್ಬ ಹುಡುಗಿ. ಹಿರಿಯಾಕೆಯನ್ನು ನಾವಿಬ್ಬರೂ ಆಪಾ ಎಂದೇ ಕರೆಯುತ್ತಿದ್ದೆವು. ಮೂರು ಪಾಳಿ, ಮೂರು ಜನ. ಒಬ್ಬಳು ರಜೆ ಹಾಕಿದರೆ ಉಳಿದಿಬ್ಬರು ಹಗಲು ಒಬ್ಬಳು, ರಾತ್ರಿ ಒಬ್ಬಳು ಎಂದು ಹಂಚಿಕೊಳ್ಳಬಹುದು. ಇಬ್ಬರು ಒಟ್ಟಿಗೆ ಹಾಕಿದರೆ ವಾರ್ಡು ನಡೆಯುವುದಿಲ್ಲ. ಹೆರಿಗೆ ನೋವಿಗೆ ಹಬ್ಬ ಹುಣ್ಣಿಮೆಯ ಲೆಕ್ಕವಿಲ್ಲವಲ್ಲ.

ಆಪಾ ಹಿಂದಿನ ವರ್ಷ ರಂಜಾನ್ ಹಬ್ಬವನ್ನು ಕಳೆದುಕೊಂಡಿದ್ದರು. ರಜೆ ಬೇಕೆಂದರೆ ಎಂಟು ದಿನ ಮೊದಲೇ ದಿನಾಂಕ ಬರೆದು ಅರ್ಜಿ ಕೊಡಬೇಕು ಎಂಬುದು ಆಸ್ಪತ್ರೆಯ ನಿಯಮ. ಆಪಾ ಅರ್ಜಿಯಲ್ಲಿ ಎರಡು ದಿನಾಂಕ ಬರೆದು, ಚಂದ್ರ ಕಂಡ ಮರುದಿನ ಯಾವುದೋ ಆ ದಿನ ರಜೆ ಬೇಕು ಎಂದಿದ್ದರು. ನಮ್ಮ ಗುಮಾಸ್ತರು ಅದನ್ನು ಹಿಂದಕ್ಕೆ ಕಳಿಸಿದರು. ಸರ್ಕಾರ ಅಚ್ಚು ಹಾಕಿಸಿದ ರಜಾ ದಿನಗಳ ಪಟ್ಟಿಯಲ್ಲಿ ರಂಜಾನ್ ಯಾವ ದಿನ ಎಂದಿದೆಯೋ ಅದೇ ದಿನ ಎಂದು ತಾವೇ ಬರೆದು ಮಂಜೂರು ಮಾಡಿಸಿದರು. ಆ ದಿನದ ಹಿಂದಿನ ಸಂಜೆ ಚಂದ್ರ ಕಾಣಲಿಲ್ಲ. ಆಪಾ ರಜೆಯ ದಿನ ಮನೆಯಲ್ಲಿ ಕೂತು ಉಪವಾಸ ಮಾಡಿದರು, ಮರುದಿನ ಹಬ್ಬಕ್ಕೆ ವಾರ್ಡಿಗೆ ಬಂದರು. ಬದಲಾಯಿಸಿಕೊಡಿ ಎಂದು ಕೇಳಿದ್ದಕ್ಕೆ ಗುಮಾಸ್ತರು, "ರಜಾ ತಗೊಂಡಾಯ್ತಲ್ಲಮ್ಮಾ, ಇನ್ನೆಷ್ಟು ಸಲ ಹಬ್ಬ ಮಾಡ್ತೀರಾ?" ಎಂದರು. ಮನೆಗೆ ಬಂದ ನೆಂಟರು ಬೀಗ ನೋಡಿಕೊಂಡು ಹೋದರಂತೆ. ಮಕ್ಕಳು ಪಕ್ಕದ ಮನೆಯಲ್ಲಿ ಊಟ ಮಾಡಿದರು.

ಆಪಾನ ಗಂಡ ಬಸ್ ಸ್ಟ್ಯಾಂಡಿನಲ್ಲಿ ಜಟಕಾ ಓಡಿಸುತ್ತಿದ್ದವರು. ಮಾತು ಕಡಿಮೆ, ಆಡಿದರೆ ಮುಗಿಯಿತು. ಈ ಸಲವೂ ಹೀಗಾದರೆ ಕೆಲಸ ಬಿಡು, ಹಬ್ಬದ ದಿನ ಮನೆಯಲ್ಲಿರಲು ಬಿಡದ ಕೆಲಸ ನಮಗೆ ಬೇಡ ಎಂದು ಅವರು ಹೇಳಿಬಿಟ್ಟಿದ್ದರು. ಆಪಾ ಇದನ್ನು ನನಗೆ ಹೇಳಿದ್ದು ಬಟ್ಟೆ ಮಡಚುತ್ತ, ನನ್ನ ಮುಖ ನೋಡದೆ. ಅಡ್ಡ ಬಂದ ಮಗುವನ್ನು ಹೊಟ್ಟೆಯ ಮೇಲಿಂದಲೇ ತಿರುಗಿಸಬಲ್ಲ ಕೈ ಅವರದು. ಆ ಕೈ ಒಲೆಯ ಮುಂದೆ ಹೋಗಿ ಕೂರುವುದು ನನಗೆ ಬೇಕಿರಲಿಲ್ಲ.

ಆ ವರ್ಷ ಇನ್ನೊಂದು ತೊಡಕು ಇತ್ತು. ರಂಜಾನ್ ಮುಗಿಯುವ ಹೊತ್ತಿಗೇ ನಮ್ಮ ಭಾದ್ರಪದ ಹುಟ್ಟುತ್ತಿತ್ತು. ಒಂದೇ ಅಮಾವಾಸ್ಯೆ, ಒಂದೇ ಚಂದ್ರ. ಅವರು ಆಕಾಶ ನೋಡಿ ಎಣಿಸುವವರು, ನಾವು ಪಂಚಾಂಗ ನೋಡಿ. ಚಂದ್ರ ಮೊದಲ ಸಂಜೆಯೇ ಕಂಡರೆ ಅವರ ಹಬ್ಬ ಗೌರಿಯ ಹಿಂದಿನ ದಿನ ಬರುತ್ತದೆ. ಕಾಣದಿದ್ದರೆ ಸರಿಯಾಗಿ ಗೌರಿಯ ದಿನವೇ. ಹುಡುಗಿಗೆ ಅದು ಮದುವೆಯಾದ ಮೇಲಿನ ಮೊದಲ ಗೌರಿ. ತವರಿನಿಂದ ಬಾಗಿನ ಬರುತ್ತದೆ, ಅತ್ತೆ ಮನೆಯ ಹೆಂಗಸರೆಲ್ಲ ಸೇರುತ್ತಾರೆ.

ಡಾಕ್ಟರು ನನ್ನನ್ನು ಕರೆದು, "ಈ ತಿಂಗಳ ಡ್ಯೂಟಿ ಪಟ್ಟಿ ನೀವೇ ಮಾಡಿ. ನಿಮಗೆ ಹಬ್ಬಗಿಬ್ಬ ಇಲ್ಲ, ಪಕ್ಷಪಾತ ಬರಲ್ಲ" ಎಂದರು. ಒಳ್ಳೆಯ ಮನುಷ್ಯರು, ಕೆಟ್ಟದ್ದನ್ನು ಮನಸ್ಸಿನಲ್ಲಿಟ್ಟು ಆಡಿದ ಮಾತಲ್ಲ. ಆದರೂ ಮೈ ಉರಿಯಿತು. ಹೊರಗೆ ಬಂದರೆ ಗುಮಾಸ್ತರು ಆಗಲೇ ಒಂದು ಸೂಚನೆ ಬರೆದು ಒಣಗಲು ಇಟ್ಟಿದ್ದರು. ಹಬ್ಬದ ನೆಪದಲ್ಲಿ ರಜೆ ಕೋರುವವರು ತಕ್ಕ ಪುರಾವೆಯೊಂದಿಗೆ ಅರ್ಜಿ ಸಲ್ಲಿಸತಕ್ಕದ್ದು, ಅನುಕೂಲವಿದ್ದಲ್ಲಿ ಕೃಪೆಯಿಂದ ಪರಿಶೀಲಿಸಲಾಗುವುದು.

"ನೆಪ ಅಂದ್ರೆ ಏನು ಸ್ವಾಮಿ?" ಎಂದು ಕೇಳಿದೆ.

"ಅದು ಆಫೀಸು ಭಾಷೆ ಕಣಮ್ಮಾ."

"ನೀವು ಯುಗಾದಿಗೆ ಊರಿಗೆ ಹೋದ್ರಲ್ಲ, ಅದೂ ನೆಪಾನಾ? ಪುರಾವೆ ಏನು ತಂದಿದ್ರಿ, ಬೇವಿನ ಸೊಪ್ಪಾ?"

ಅವರು ಕನ್ನಡಕ ತೆಗೆದು ಒರೆಸಿದರು. ಮಾತು ಸೋತಾಗ ಅವರು ಮಾಡುತ್ತಿದ್ದುದು ಅದೇ. ನಾನು ಆ ಕಾಗದವನ್ನು ತೆಗೆದುಕೊಂಡು ನೇರವಾಗಿ ಡಾಕ್ಟರ ಮೇಜಿನ ಮೇಲೆ ಇಟ್ಟೆ. ಪಟ್ಟಿ ನಾನು ಮಾಡುವುದಾದರೆ ಸೂಚನೆಯ ಮಾತೂ ನನ್ನದಾಗಬೇಕು ಎಂದೆ. ಡಾಕ್ಟರು ನಕ್ಕು, ಬರೆಯಿರಿ ನೋಡೋಣ ಎಂದರು.

ಬರೆಯುವುದು ಅಷ್ಟು ಸುಲಭವಿರಲಿಲ್ಲ. ಎರಡು ದಿನ ಊಟ ಮಾಡುವಾಗಲೂ ಅದೇ ಯೋಚನೆ. ರಜೆ ಕೊಡಲಾಗುವುದು ಎಂದು ಬರೆದರೆ ಸುಳ್ಳಾಗುತ್ತದೆ, ಕೊಡಲು ಆಗದೆಯೂ ಇರಬಹುದು. ಕೊಡಲಾಗದು ಎಂದರೆ ಅಲ್ಲಿಗೆ ಬಾಗಿಲು ಹಾಕಿದಂತೆ. ಕೊನೆಗೆ ನಾನು ಬರೆದದ್ದರಲ್ಲಿ ಇಷ್ಟಿತ್ತು. ಯಾರಿಗೇ ಆಗಲಿ ಧರ್ಮದ ಆಚರಣೆಗೆ ಬಿಡುವು ಬೇಕಿದ್ದರೆ, ಯಾವ ದಿನ, ಅದರಲ್ಲಿ ಬಿಡಲಾಗದ ಹೊತ್ತು ಯಾವುದು, ಹೊಂದಿಸಬಹುದಾದ ಹೊತ್ತು ಯಾವುದು ಎಂದು ಪಟ್ಟಿ ಮಾಡುವುದಕ್ಕೆ ಮೊದಲೇ ತಿಳಿಸಬೇಕು. ಆಚರಣೆ ದೊಡ್ಡದೋ ಚಿಕ್ಕದೋ, ಏಕೆ ಮಾಡುತ್ತೀರಿ ಎಂದು ಕೇಳಲಾಗುವುದಿಲ್ಲ. ಚಂದ್ರನನ್ನು ನೋಡಿ ಗೊತ್ತಾಗುವ ದಿನವಾದರೆ ಎರಡು ದಿನಾಂಕ ಬರೆಯಬಹುದು, ರಜೆಯೆಂದು ಎಣಿಸುವುದು ಒಂದನ್ನೇ. ಒಂದೇ ದಿನಕ್ಕೆ ಇಬ್ಬರು ಕೇಳಿ ಇಬ್ಬರನ್ನೂ ಬಿಡಲು ಆಗದಿದ್ದರೆ, ಹಿಂದಿನ ಸಲ ಸಿಗದವರಿಗೆ ಮೊದಲು. ಸಿಗದವರಿಗೆ ಕಾರಣವನ್ನೂ, ಬದಲಿಗೆ ಯಾವ ಹೊತ್ತು ಬಿಡಬಹುದು ಎಂಬುದನ್ನೂ ಬರೆದು ಕೊಡಲಾಗುವುದು. ಪಾಳಿ ಬದಲಾಯಿಸಿಕೊಳ್ಳುವುದು ಇಬ್ಬರೂ ಮನಸಾರೆ ಒಪ್ಪಿದರೆ ಮಾತ್ರ.

ಡಾಕ್ಟರು ಓದಿ, "ಎರಡು ದಿನಾಂಕಕ್ಕೆ ಒಪ್ಪಿದರೆ ನಾಳೆ ಎಲ್ಲರೂ ಎರಡೆರಡು ಕೇಳುತ್ತಾರೆ" ಎಂದರು.

"ಗೌರಿ ಹಬ್ಬ ಯಾವತ್ತು ಅಂತ ಪಂಚಾಂಗ ಹೇಳ್ಬಿಡುತ್ತೆ ಸಾರ್, ಅವಳಿಗೆ ಒಂದು ಸಾಕು. ಆಪಾಗೆ ಹೇಳೋರು ಯಾರೂ ಇಲ್ಲ, ಮೋಡ ಸರೀಬೇಕು. ಇಬ್ಬರಿಗೂ ಒಂದೇ ಅರ್ಜಿ ಕೊಟ್ರೆ ಸಮ ಆಗಲ್ಲ."

ಅವರು ಸಹಿ ಹಾಕಿದರು. ಆದರೆ ವಾರ್ಡಿನಲ್ಲಿ ಯಾವ ಹೊತ್ತಿಗೂ ಕೈ ಬಲ್ಲವಳೊಬ್ಬಳು ಇರಲೇಬೇಕು, ಅದು ತಪ್ಪಿದರೆ ಈ ಕಾಗದ ಹರಿದು ಹಾಕುತ್ತೇನೆ ಎಂದೂ ಹೇಳಿದರು. ಅದು ನ್ಯಾಯವೇ.

ಮೂವರೂ ಬಟ್ಟೆ ಕೋಣೆಯಲ್ಲಿ ಕೂತು ಮಾತಾಡಿದೆವು. ಆಪಾ, ತಮಗೆ ಬೆಳಗಿನಿಂದ ಸಂಜೆಯವರೆಗೆ ಬೇಕು, ಗಂಡಸರು ಈದ್ಗಾಕ್ಕೆ ಹೋಗಿ ಬರುವಷ್ಟರಲ್ಲಿ ಮನೆ ಸಿದ್ಧವಿರಬೇಕು, ಆಮೇಲೆ ದಿನವೆಲ್ಲ ನೆಂಟರು, ರಾತ್ರಿ ಪಾಳಿಗೆ ಬೇಕಾದರೆ ಬರುತ್ತೇನೆ ಎಂದರು. ಹುಡುಗಿ ಸೆರಗು ತಿರುಚುತ್ತ, ಪೂಜೆ ಬೆಳಿಗ್ಗೆ, ಮಧ್ಯಾಹ್ನದ ಊಟದ ತನಕ ಎದ್ದು ಬರಲಾಗದು, ಸಂಜೆ ಬರಬಹುದು ಎಂದಳು. ಬಿಡಲಾಗದ ಹೊತ್ತು ಯಾವುದು ಎಂದು ಕೇಳಿದ್ದರಿಂದಲೇ ಇದು ಹೊರಬಿತ್ತು. ರಜೆ ಬೇಕೋ ಬೇಡವೋ ಎಂದು ಕೇಳಿದ್ದರೆ ಇಬ್ಬರೂ ಇಡೀ ದಿನ ಬೇಕೆಂದೇ ಹೇಳುತ್ತಿದ್ದರು. ಹಬ್ಬಗಳು ಬೇರೆ ಬೇರೆ ದಿನ ಬಂದರೆ ತೊಂದರೆಯೇ ಇರಲಿಲ್ಲ. ಒಂದೇ ದಿನ ಬಂದರೆ ಹಿಂದಿನ ರಾತ್ರಿಯ ಪಾಳಿ ನನ್ನದು, ಬೆಳಗಿನ ಹೊತ್ತಿಗೆ ಮಾತ್ರ ಹೊರಗಿನ ಕೈ ಬೇಕು.

ಮಾಲೂರಿನ ಡಿಸ್ಪೆನ್ಸರಿಯಲ್ಲಿ ಒಬ್ಬ ಕ್ರಿಶ್ಚಿಯನ್ ಮಿಡ್‌ವೈಫ್ ಇದ್ದರು. ಅಂದು ಒಂದು ದಿನ ಬಂದು ನಿಲ್ಲಬಹುದೇ ಎಂದು ಡಾಕ್ಟರ ಮೂಲಕ ಕೇಳಿಸಿದೆ. ಅವರಿಗೆ ಹಬ್ಬವಿಲ್ಲ, ಕರೆದರೆ ಬರುತ್ತಾರೆ ಎಂದು ಗುಮಾಸ್ತರು ಹಗುರವಾಗಿ ಅಂದದ್ದು ನನಗೆ ಚುಚ್ಚಿತು. ಕ್ರಿಸ್ಮಸ್ಸಿಗೆ ಕೋಲಾರದಿಂದ ಒಬ್ಬಳು ಮಾಲೂರಿಗೆ ಹೋಗಿ ಅವರನ್ನು ಬಿಡಿಸಬೇಕೆಂದು ಆಗಲೇ ಬರೆಸಿಕೊಂಡೆ. ಅವರು ಒಪ್ಪಿ, ದಿನ ಗೊತ್ತಾದ ಕೂಡಲೇ ತಿಳಿಸಿ ಎಂದು ಹೇಳಿ ಕಳಿಸಿದರು. ಅಂದು ಮಾಲೂರಿನ ಬಸ್ಸು ಬರದೆಹೋದರೆ ಏನು? ಆಗ ಪೂಜೆ ಮುಗಿಸಿ ಮಧ್ಯಾಹ್ನ ಹುಡುಗಿ ಬರಬೇಕು, ಹಿಂದಿನ ವರ್ಷ ಹಬ್ಬ ತಪ್ಪಿದ್ದು ಆಪಾಗೆ ತಾನೆ ಎಂದೆ. ಹುಡುಗಿಯ ಕಣ್ಣು ತುಂಬಿತು.

"ಅತ್ತೆ ಕೇಳ್ತಾರಕ್ಕಾ. ಮೊದಲ್ನೇ ಗೌರಿ, ಎಲೆ ಮುಂದಿಂದ ಎದ್ದು ಹೋದ್ಲು ಅಂತ ವರ್ಷವೆಲ್ಲಾ ಅಂತಾರೆ."

"ನಾನೇ ಬಂದು ಹೇಳ್ತೀನಿ. ಆವತ್ತು ಹೇಳಿದ್ರೆ ತಪ್ಪು, ಈಗ್ಲೇ ಹೇಳಿದ್ರೆ ಅವರೂ ಹೊಂದಿಸ್ಕೋತಾರೆ."

ಹೋಗಿ ಹೇಳಿದೆ. ಆಕೆಯ ಅತ್ತೆ ತೆಲುಗಿನಲ್ಲಿ ಒಂದಿಷ್ಟು, ಕನ್ನಡದಲ್ಲಿ ಒಂದಿಷ್ಟು ಗೊಣಗಿದರು. ಆಮೇಲೆ, "ಪೋನೀಲೇಮ್ಮಾ, ಹೋಗ್ಲಿ ಬಿಡಿ, ಮೊದ್ಲೇ ಹೇಳಿದ್ರಲ್ಲ, ಪೂಜೆ ಬೇಗ ಮುಗಿಸ್ಕೋತೀವಿ" ಎಂದು ಕಾಫಿ ಕೊಟ್ಟರು.

ಅಲ್ಲಿಂದ ಮುಂದೆ ಆಕಾಶ ನೋಡುವುದೇ ನನ್ನ ಕೆಲಸವಾಯಿತು. ಶ್ರಾವಣದ ಕೊನೆಯ ಮೋಡ, ಬೆಳಿಗ್ಗೆ ಬಿಳಿಚಿಕೊಂಡು ಸಂಜೆ ಕಪ್ಪಾಗುತ್ತಿತ್ತು. ಇಪ್ಪತ್ತೊಂಬತ್ತನೆಯ ಉಪವಾಸದ ಸಂಜೆ ಆಪಾ ಪಾಳಿಯಲ್ಲಿದ್ದರು. ಬಾಣಂತಿಯೊಬ್ಬಳಿಗೆ ಗಂಜಿ ಕುಡಿಸುತ್ತ ಕಿಟಕಿಯ ಕಡೆ ನೋಡುತ್ತಿದ್ದರು. ನಾನು ಮನೆಗೆ ಹೋಗಬೇಕಾದವಳು ಹೋಗದೆ ಹಿತ್ತಿಲ ಮೆಟ್ಟಿಲ ಮೇಲೆ ನಿಂತಿದ್ದೆ. ಮೂರು ದಿನ ಕಳೆದರೆ ಚೌತಿ. ಅಂದು ಕಣ್ಣಿಗೆ ಬಿದ್ದರೆ ಅಪವಾದ ಎಂದು ನಮ್ಮವರು ಬಾಗಿಲು ಹಾಕಿಕೊಳ್ಳುವ ಚಂದ್ರನನ್ನು ಈಗ ನಾನು ಕತ್ತು ನೋಯುವ ತನಕ ಹುಡುಕುತ್ತಿದ್ದೆ. ನಗುವೂ ಬಂತು, ಸಿಟ್ಟೂ ಬಂತು. ಒಂದು ಉಗುರಿನಷ್ಟು ಬೆಳಕು ಕಂಡರೆ ಎಲ್ಲವೂ ಸರಿಹೋಗುತ್ತಿತ್ತು. ಕಾಣಲಿಲ್ಲ. ಚಂದ್ರ ಕಂಡಿತೆಂದು ಮಸೀದಿಯ ಕಡೆ ಹೊಡೆಯುವ ಪಟಾಕಿಯ ಸದ್ದೂ ಬರಲಿಲ್ಲ.

ಆಪಾ ಹೊರಗೆ ಬಂದು, "ಬಿಡಮ್ಮಾ. ನಾಳೆ ಮೂವತ್ತು ತುಂಬ್ತದೆ, ಆಮೇಲೆ ಚಾಂದು ಕಂಡ್ರೂ ಒಂದೇ ಬಿಟ್ರೂ ಒಂದೇ. ನಾಡಿದ್ದೇ ಹಬ್ಬ" ಎಂದರು. ನಾಡಿದ್ದು ಎಂದರೆ ಗೌರಿ.

ಮರುದಿನ ಬೆಳಿಗ್ಗೆಯೇ ಮಾಲೂರಿಗೆ ತಂತಿ ಹೋಯಿತು. ಹಬ್ಬದ ಹಿಂದಿನ ರಾತ್ರಿಯ ಪಾಳಿ ನಾನು ಮಾಡಿದೆ. ಬೆಳಿಗ್ಗೆ ಎಂಟಕ್ಕೆ ಮಾಲೂರಿನ ಬಸ್ಸು ಬರಬೇಕು. ಯುದ್ಧದ ಕಾಲದ ಇದ್ದಿಲು ಗ್ಯಾಸಿನ ಬಸ್ಸು ಅದು, ಏರು ಸಿಕ್ಕಿದರೆ ಜನ ಇಳಿದು ತಳ್ಳಬೇಕು. ಎಂಟಾಯಿತು, ಒಂಬತ್ತಾಯಿತು, ಬಸ್ಸಿನ ಸುಳಿವಿಲ್ಲ. ಒಳಗೆ ಟೇಕಲ್ಲಿನ ಕಡೆಯ ಚೊಚ್ಚಲ ಹೆರಿಗೆಯ ಹೆಂಗಸು ನೋವಿನಲ್ಲಿದ್ದಳು, ಇನ್ನೊಬ್ಬಳನ್ನು ಗಾಡಿಯಲ್ಲಿ ತಂದು ಇಳಿಸಿದರು. ಕಣ್ಣು ಉರಿಯುತ್ತಿತ್ತು. ಆಯಾ ಮೆಲ್ಲಗೆ, "ಆಪಾನ್ನ ಕರ್ಕೊಂಡು ಬರ್ಲಾಮ್ಮಾ?" ಎಂದಳು. ನಾನು ಅವಳನ್ನು ಬಿಸಿನೀರಿಗೆ ಕಳಿಸಿದೆ. ಕರೆಯಲೇ ಎಂದು ಮನಸ್ಸಿನಲ್ಲಿ ನೂರು ಸಲ ಅಂದುಕೊಂಡಿದ್ದೆ.

ಹತ್ತರ ಸುಮಾರಿಗೆ ಗೇಟಿನಲ್ಲಿ ಜಟಕಾ ಬಂದು ನಿಂತಿತು. ಹೊಸ ಬಟ್ಟೆ ಹಾಕಿಕೊಂಡ ಆಪಾನ ಗಂಡ, ಹಿಂದೆ ಆಪಾ. ಬಸ್ ಸ್ಟ್ಯಾಂಡಿನಲ್ಲಿ ಮಾಲೂರು ಬಸ್ಸು ಬಂದಿಲ್ಲವೆಂದು ತಿಳಿದ ಅವರೇ ಹೆಂಡತಿಯನ್ನು ಕರೆತಂದಿದ್ದರು. ಹಬ್ಬದ ದಿನ ಮನೆಯಲ್ಲಿರಬೇಕೆಂದು ಹಟ ಹಿಡಿದಿದ್ದ ಮನುಷ್ಯ! ಆಪಾ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸುತ್ತ ಮೆಟ್ಟಿಲು ಹತ್ತುತ್ತಿದ್ದರು.

ನನಗೆ ಏನಾಯಿತೋ, ಬಾಗಿಲಿಗೆ ಅಡ್ಡ ನಿಂತೆ. "ಒಳಗೆ ಬರಬೇಡಿ ಆಪಾ!" ಎಂದು ಕಿರುಚಿದೆ.

"ಯಾಕಮ್ಮಾ? ಇಬ್ರು ಇದ್ದಾರಂತಲ್ಲ ಒಳಗೆ."

"ಇರ್ಲಿ. ನೀವು ಇವತ್ತು ಒಳಗೆ ಕಾಲಿಟ್ರೆ ಮುಂದಿನ ವರ್ಷ ಗುಮಾಸ್ತರು ಏನಂತಾರೆ ಗೊತ್ತಾ? ಹೋದ ಸಲ ಅವರೇ ಬಂದ್ರಲ್ಲ, ಹಬ್ಬ ಅಷ್ಟೇನೂ ಬೇಕಿರ್ಲಿಲ್ಲ ಅಂತಾರೆ. ಆ ಕಾಗದಕ್ಕೆ ಆಮೇಲೆ ಬೆಲೆ ಇರಲ್ಲ. ಮಧ್ಯಾಹ್ನ ಹುಡುಗಿ ಬರ್ತಾಳೆ ಅಂತ ಮೊದಲೇ ಮಾತಾಗಿದೆ. ಅಲ್ಲೀ ತನಕ ನಾನಿದ್ದೀನಿ, ಒಳಗೆ ಕೈ ಮೀರಿದ್ರೆ ಡಾಕ್ಟರ ಮನೆ ಹಿಂದುಗಡೇನೇ ಇದೆ. ಹೋಗಿ!"

ಆಪಾ ಒಂದು ಮೆಟ್ಟಿಲು ಕೆಳಗಿಳಿದರು. ಅವರ ಗಂಡ ಗಡ್ಡ ನೀವಿಕೊಂಡು, "ಇವಳಿಗೆ ರಜಾ, ಸರಿ. ನನಗೆ ಯಾರೂ ರಜಾ ಕೊಟ್ಟಿಲ್ವಲ್ಲ" ಎಂದರು. "ನಮಾಜು ಆಯ್ತು. ಇವಳನ್ನ ಮನೇಲಿ ಇಳಿಸಿ ನಾನು ಮಾಲೂರ್ ರೋಡಲ್ಲಿ ಹೋಗಿ ನೋಡ್ತೀನಿ. ಬಸ್ಸು ಎಲ್ಲಾದ್ರೂ ನಿಂತಿರ್ತದೆ."

ಜಟಕಾ ತಿರುಗಿಸುವಾಗ ಆಪಾ ಬಗ್ಗಿ ನನ್ನನ್ನು ಕರೆದರು. "ಎಲ್ಲಾರ್ನೂ ಕೇಳಿದ್ಯಲ್ಲ, ಯಾವ ದಿನ ಬೇಕು, ಯಾವ ಹೊತ್ತು ಬೇಕು ಅಂತ. ನಿನ್ನ ಯಾರು ಕೇಳಿದ್ರು?"

ನಾನು ಒಳಗಿನಿಂದ ಕೂಗು ಕೇಳಿತೆಂದು ಓಡಿದೆ. ಕೂಗೇನೋ ನಿಜವೇ. ಆದರೆ ಅದು ಕೇಳಿಸದಿದ್ದರೂ ಓಡುತ್ತಿದ್ದೆ.

ಟೇಕಲ್ಲಿನವಳಿಗೆ ಗಂಡು ಮಗುವಾಯಿತು. ಎರಡನೆಯವಳಿಗೆ ಇನ್ನೂ ಹೊತ್ತಿತ್ತು. ಹನ್ನೆರಡಾಗುವ ಮುಂಚೆ ಜಟಕಾ ಮತ್ತೆ ಬಂತು. ಮಾಲೂರಿನ ಮಿಡ್‌ವೈಫ್ ಮುಖದ ತುಂಬ ಇದ್ದಿಲ ಮಸಿ ಮಾಡಿಕೊಂಡು ಇಳಿದರು, ನರಸಾಪುರದ ಈಚೆ ಬಸ್ಸು ಕೆಟ್ಟು ನಿಂತಿತ್ತಂತೆ. ಹುಡುಗಿಗೆ ಬರಬೇಡವೆಂದು ಹೇಳಿ ಕಳಿಸಿದೆ. ಸಂಜೆ ಅವಳು ಹಸಿರು ಬಳೆ ತೊಟ್ಟು, ಕೆನ್ನೆಗೆ ಅರಿಶಿನ ಹಚ್ಚಿಕೊಂಡು ಪಾಳಿಗೆ ಬಂದಳು. ರಾತ್ರಿಗೆ ಆಪಾ ಬಂದರು. ನನಗೆಂದು ಶಾವಿಗೆ ಪಾಯಸ ತಂದಿದ್ದರು. ಕೆಲಸ ಬಿಡುವ ಮಾತು ಮತ್ತೆ ಆ ಮನೆಯಲ್ಲಿ ಏಳಲಿಲ್ಲ. ಅವರು ವಯಸ್ಸಾಗುವ ತನಕ ಅದೇ ವಾರ್ಡಿನಲ್ಲಿದ್ದರು.

ಆದರೆ ಆಪಾ ಕೇಳಿದ ಮಾತು ನನ್ನನ್ನು ಬಿಡಲಿಲ್ಲ. ಮುಂದಿನ ಪಟ್ಟಿ ಮಾಡಲು ಕೂತಾಗ, ಬೇರೆಯವರ ಹೆಸರಿನ ಮುಂದೆಲ್ಲ ಬರೆದಿದ್ದೆ, ನನ್ನ ಹೆಸರಿನ ಮುಂದೆ ಖಾಲಿ. ಭಾದ್ರಪದದ ಕೊನೆಗೆ ಮಹಾಲಯ ಅಮಾವಾಸ್ಯೆ. ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಡುವ ದಿನ. ನನಗೆ ಅಲ್ಲಿ ಇಡಲು ಯಾರಿದ್ದಾರೆ ಎಂದು ಎಲ್ಲರೂ ಕೇಳಬಹುದು, ಗಂಡನಿಗೆ ಅವನ ದಾಯಾದಿಗಳು ಇಡುತ್ತಾರೆ. ಮಗಳಿಗೆ? ಎರಡು ವರ್ಷದ ಕೂಸು ಹಿರಿಯರ ಸಾಲಿಗೆ ಸೇರುತ್ತದೆಯೇ ಎಂದು ನನಗೆ ಗೊತ್ತಿರಲಿಲ್ಲ. ಕೇಳಲು ನಾಚಿಕೆಯಾಗುತ್ತಿತ್ತು. ಅದಕ್ಕೇ ಅಷ್ಟು ವರ್ಷ ಪಾಳಿಯ ಹಿಂದೆ ಅವಿತುಕೊಂಡಿದ್ದೆನೋ ಏನೋ.

ಅರ್ಜಿ ಬರೆದು ಗುಮಾಸ್ತರ ಮುಂದೆ ಇಟ್ಟೆ. ಅವರು ತಲೆಯೆತ್ತಿ, "ನಿಮಗೆಂಥ..." ಎಂದು ಬಾಯಿ ತೆರೆದರು. ಗೋಡೆಯ ಮೇಲೆ ನನ್ನ ಸೂಚನೆ ತೂಗುತ್ತಿತ್ತು, ಏಕೆಂದು ಕೇಳಲಾಗುವುದಿಲ್ಲ ಎಂಬ ಸಾಲು ಅವರ ಎದುರಿಗೇ ಇತ್ತು. ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಡಾಕ್ಟರ ಸಹಿಗೆ ಒಳಗೆ ಕಳಿಸಿದರು. ಆ ದಿನ ನನ್ನ ಪಾಳಿಯನ್ನು ಆಪಾ ಮತ್ತು ಹುಡುಗಿ ಹಂಚಿಕೊಂಡರು.

ಊರಿಗೆ ಹೋದಾಗ ಅಣ್ಣ ಹಿತ್ತಿಲಲ್ಲಿ ಬಾಳೆ ಎಲೆ ಕೊಯ್ಯುತ್ತಿದ್ದ. ನನ್ನನ್ನು ನೋಡಿ ಕೈಯಲ್ಲಿದ್ದ ಎಲೆ ಕೆಳಗೆ ಹಾಕಿದ. "ರಜಾ ಕೊಟ್ರಾ?" ಎಂದ.

"ಕೇಳ್ದೆ, ಕೊಟ್ರು" ಎಂದೆ.

ನಡುಮನೆಯಲ್ಲಿ ಅತ್ತಿಗೆ ಎಡೆಗೆ ಅಣಿ ಮಾಡುತ್ತಿದ್ದಳು. ಅಪ್ಪನ ಹೆಸರಿಗೆ ಪಂಚೆ, ಅಮ್ಮನ ಹೆಸರಿಗೆ ಸೀರೆ. ಪಕ್ಕದಲ್ಲಿ ಒಂದು ಪುಟ್ಟ ಎಲೆ, ಅದರ ಮುಂದೆ ಗೇಣುದ್ದದ ಒಂದು ಲಂಗದ ಬಟ್ಟೆ, ಎರಡು ಬಳೆ. ನಾನು ಬರುತ್ತೇನೆಂದು ಅವರಿಗೆ ಗೊತ್ತಿರಲಿಲ್ಲ. ಅದು ನನಗೆ ತೋರಿಸಲು ಇಟ್ಟದ್ದಲ್ಲ.

ನಾನು ಕಂಬ ಹಿಡಿದು ನಿಂತಿದ್ದೆ. ಅತ್ತಿಗೆ ನನ್ನನ್ನು ನೋಡಿ ಗಾಬರಿಯಾಗಿ ಎದ್ದು ಬಂದಳು. "ವರ್ಷಾ ವರ್ಷಾ ಇಡ್ತೀವಿ ಕಣೇ" ಎಂದಳು. "ನಿಂಗೆ ಆವತ್ತು ರಜಾ ಇರಲ್ಲ ಅಂತಾರೆ, ಹೇಳಿ ನೋಯಿಸೋದ್ಯಾಕೆ ಅಂತ ನಿನ್ನ ಕೇಳ್ಲಿಲ್ಲ."